ಹೆಸರು ಅಳಿಸಿದರೆ ಸಾಲದು: ಸಮೀಕ್ಷೆಯ ಅನಿಸಿಕೆಗಳನ್ನು ಹಂಚುವ ಮುನ್ನ

ಹುಬ್ಬಳ್ಳಿಯಲ್ಲಿ 40 ಜನರಿರುವ ಒಂದು ಕಚೇರಿ. ಅಲ್ಲಿ ಸಿಬ್ಬಂದಿ ಸಮೀಕ್ಷೆ ನಡೆದಿದೆ ಅಂದುಕೊಳ್ಳಿ. 'ಬೇರೆ ಏನಾದರೂ ಹೇಳುವುದಿದೆಯೇ?' ಎಂಬ ಪ್ರಶ್ನೆಗೆ ಒಬ್ಬರು ಹೀಗೆ ಬರೆದಿದ್ದಾರೆ: “ದಿನಾ ಅಣ್ಣಿಗೇರಿಯಿಂದ ಬರ್ತೇನಿ. ಅಪ್ಪಗ ಡಯಾಲಿಸಿಸ್ ಐತಿ. ಮಂಗಳವಾರ ರಜಾ ಕೇಳಿದ್ರ ಪಾಟೀಲ ಸರ್ ಎಲ್ಲಾರ ಮುಂದ ಬೈದ್ರು.” ಈ ದೂರು ಆಡಳಿತದವರಿಗೆ ಮುಟ್ಟಬೇಕು. ಬರೆದವರು ಯಾರೆಂದು ಗೊತ್ತಾಗಬಾರದು.

ಮೊದಲು ಫೈಲ್ ನೋಡಿ. ಎಕ್ಸೆಲ್ ಹಾಳೆಯಲ್ಲಿ ಅನಿಸಿಕೆಯ ಪಕ್ಕದಲ್ಲೇ ವಿಭಾಗ, ವಯಸ್ಸು, ಉತ್ತರ ಕೊಟ್ಟ ಸಮಯ ಇರುತ್ತವೆ. ಅನಿಸಿಕೆಗಳನ್ನಷ್ಟೇ ಹೊಸ ಫೈಲ್‌ಗೆ ನಕಲು ಮಾಡಿ. ಹಳೆಯದರಲ್ಲಿ ಕಾಲಂ ಮರೆಮಾಡಿದರೆ ಯಾರು ಬೇಕಾದರೂ ಅದನ್ನು ಮತ್ತೆ ತೆರೆಯಬಹುದು. ಸಾಲುಗಳ ಕ್ರಮವೂ ಸುಳಿವು ಕೊಡುತ್ತದೆ. ಪಕ್ಕದ ಕಾಲಂನಲ್ಲಿ ಪ್ರತಿ ಸಾಲಿಗೂ ಇದನ್ನು ಹಾಕಿ, ಅದರ ಪ್ರಕಾರ ಸಾರ್ಟ್ ಮಾಡಿ, ಆಮೇಲೆ ಆ ಕಾಲಂ ಅಳಿಸಿ:

```
=RAND()
```

ಇನ್ನು ಹೆಸರುಗಳು. 'ಪಾಟೀಲ' ಎಂದು ಹುಡುಕಿದರೆ 'ಪಾಟಿಲ್', 'Patil sir' ಸಿಗುವುದಿಲ್ಲ. ಸುಮ್ನೆ ಅಳಿಸಿಬಿಟ್ಟರೆ 'ಪಾಟೀಲರಿಗೆ' ಎಂಬುದು 'ರಿಗೆ' ಆಗಿ ಉಳಿಯುತ್ತದೆ. ಹಾಗಾಗಿ ಪ್ರತಿ ಸಾಲನ್ನೂ ಕಣ್ಣಾರೆ ಓದಿ, ಹೆಸರಿನ ಜಾಗದಲ್ಲಿ [ಮೇಲಧಿಕಾರಿ] ಎಂದು ಹಾಕಿ.

ಕಷ್ಟ ಇರುವುದು ಇಲ್ಲಿಂದ ಮುಂದೆ. ಅಣ್ಣಿಗೇರಿಯಿಂದ ಬರುವವರು ಆ ಕಚೇರಿಯಲ್ಲಿ ಒಬ್ಬರೋ ಇಬ್ಬರೋ ಇರಬಹುದು. ಡಯಾಲಿಸಿಸ್, ಮಂಗಳವಾರ ಸೇರಿದರೆ ಒಬ್ಬರೇ ಉಳಿಯುತ್ತಾರೆ. ಊರನ್ನೂ ವಾರವನ್ನೂ ತೆಗೆಯಿರಿ. 'ಡಯಾಲಿಸಿಸ್' ಬದಲು 'ಚಿಕಿತ್ಸೆ' ಎನ್ನಿ, 'ಅಪ್ಪ' ಬದಲು 'ಮನೆಯವರು' ಎನ್ನಿ. ಆಗ ಇಷ್ಟು ಉಳಿಯುತ್ತದೆ: “ಮನೆಯವರ ಚಿಕಿತ್ಸೆಗೆ ರಜೆ ಕೇಳಿದಾಗ [ಮೇಲಧಿಕಾರಿ] ಎಲ್ಲರ ಮುಂದೆ ಬೈದರು.”

ಇಷ್ಟು ಸಾಕು ಅನ್ನಿಸುತ್ತದೆ, ಅಲ್ವಾ? ಸಾಲದು. ಬೈದವರಿಗೆ ತಾವು ಯಾರಿಗೆ ಬೈದದ್ದು ಎಂದು ನೆನಪಿರುತ್ತದೆ. ಸುತ್ತ ಇದ್ದವರೂ ಅದನ್ನು ನೋಡಿದ್ದಾರೆ. ಇಲ್ಲಿ ಆ ಘಟನೆಯೇ ಗುರುತು. ಇಂಥ ಮಾತನ್ನು ಬರೆದ ಹಾಗೆ ಹಂಚಬಾರದು. ಇದೇ ತರಹದ ದೂರುಗಳು ಇನ್ನೂ ಇದ್ದರೆ ಒಟ್ಟು ಸೇರಿಸಿ, “ಮನೆಯ ತುರ್ತಿಗೆ ರಜೆ ಕೇಳುವವರನ್ನು ಗೌರವದಿಂದ ನಡೆಸಿಕೊಳ್ಳುತ್ತಿಲ್ಲ ಎಂದು ಕೆಲವರು ಹೇಳಿದ್ದಾರೆ” ಎಂದು ಬರೆಯಿರಿ. ದೂರು ಇದೊಂದೇ ಆಗಿದ್ದರೆ, ಹಂಚುವ ಮೊದಲು ಬರೆದವರ ಒಪ್ಪಿಗೆ ಬೇಕು. ಅವರು ಯಾರೆಂದು ನಿಮಗೂ ತಿಳಿಯದಿದ್ದರೆ ಬಿಟ್ಟುಬಿಡಿ. ವರದಿಯ ತೂಕ ಕಡಿಮೆಯಾಗುತ್ತದೆ, ನಿಜ. ಆದರೂ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ.

ಭಾಷೆಯೂ ಗುರುತು ಹೇಳುತ್ತದೆ. ಎಲ್ಲರೂ 'ಐತಿ' ಅನ್ನುವ ಕಡೆ ಒಬ್ಬರು ಮಾತ್ರ 'ಉಂಟು' ಎಂದು ಬರೆದರೆ ಕರಾವಳಿಯವರು ಎಂದು ತಕ್ಷಣ ತಿಳಿಯುತ್ತದೆ. ಅವರದ್ದೊಂದನ್ನೇ ತಿದ್ದಬೇಡಿ. ಎಲ್ಲ ಅನಿಸಿಕೆಗಳನ್ನೂ ಒಂದೇ ಸರಳ ಬರಹದ ಕನ್ನಡಕ್ಕೆ ತನ್ನಿ, ಹಾಗೆ ಮಾಡಿದ್ದೀರಿ ಎಂದು ವರದಿಯಲ್ಲಿ ತಿಳಿಸಿ.

ಕೊನೆಗೆ, ಕಚೇರಿಯ ಜನರನ್ನು ಚೆನ್ನಾಗಿ ಬಲ್ಲ, ಸಮೀಕ್ಷೆಯ ತಂಡದಲ್ಲೇ ಇರುವ ಒಬ್ಬರಿಗೆ ಹೊಸ ಫೈಲ್ ಕೊಡಿ. 'ಇದು ಯಾರದ್ದಿರಬಹುದು?' ಎಂದು ಪ್ರತಿ ಸಾಲಿಗೂ ಕೇಳಿ. ಅವರು ಒಂದು ಹೆಸರು ಹೇಳಿದರೆ, ಅದು ತಪ್ಪು ಊಹೆಯಾಗಿದ್ದರೂ, ಆ ಸಾಲನ್ನು ಮತ್ತೆ ತಿದ್ದಿ. ತಪ್ಪು ಊಹೆಯಿಂದಲೂ ಯಾರೋ ಒಬ್ಬರು ಬೈಸಿಕೊಳ್ಳುತ್ತಾರೆ.