ಗುಂಡಿಯ ಹಿಂಬದಿಯ ಮೂರು ಅಂಕೆಗಳು: ಛಾಯಾಚಿತ್ರದಲ್ಲಿ ಹಳೆಯ ಜೀನ್ಸನ್ನು ಪರೀಕ್ಷಿಸಿದ ಬಗೆ

ಹಳೆಯ ಡೆನಿಮ್ ಜೀನ್ಸ್‌ಗಳನ್ನು ಕೊಳ್ಳುವವರ ಪರವಾಗಿ ಛಾಯಾಚಿತ್ರಗಳನ್ನು ನೋಡಿ ಅಭಿಪ್ರಾಯ ಹೇಳುವುದು ಕೆಲವು ವರ್ಷಗಳಿಂದ ನಾನು ಮಾಡುತ್ತಿರುವ ಕೆಲಸ. ಬಟ್ಟೆ ಕೈಗೆ ಸಿಗದಿರುವುದರಿಂದ ಅದರ ತೂಕವನ್ನಾಗಲಿ ಒರಟುತನವನ್ನಾಗಲಿ ನಂಬಿಕೊಳ್ಳುವಂತಿಲ್ಲ. ಉಳಿಯುವುದು ಲೋಹದ ಭಾಗಗಳು, ಚರ್ಮದ ಪಟ್ಟಿ ಮತ್ತು ಅವು ಬಟ್ಟೆಯನ್ನು ಸೇರುವ ಜಾಗ. ಈ ಸೇರುವ ಜಾಗವನ್ನೇ ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಗುಂಡಿಯನ್ನೋ ಪಟ್ಟಿಯನ್ನೋ ಬೇರೆಡೆಯಿಂದ ತಂದು ಕೂರಿಸಬಹುದಾದರೂ ಅದರ ಸುತ್ತ ಬಟ್ಟೆ ಸವೆದ ರೀತಿಯನ್ನು ಹಾಗೆ ತಂದು ಕೂರಿಸುವುದು ಬಹಳ ಕಷ್ಟ.

ಇತ್ತೀಚೆಗೆ ನನ್ನ ಮುಂದೆ ಬಂದದ್ದು ಲೀವೈಸ್ ಕಂಪನಿಯ 501 ಮಾದರಿಯ ಒಂದು ಜೀನ್ಸ್. ಅದು 1950ರ ದಶಕದ ಆರಂಭದ್ದೆಂದು ಮಾರುವವರು ಬರೆದಿದ್ದರು, ಮತ್ತು ಮೇಲ್ನೋಟಕ್ಕೆ ಆ ಮಾತಿಗೆ ಆಧಾರವೂ ಇತ್ತು. ಹಿಂಜೇಬಿನ ಮೂಲೆಗಳಲ್ಲಿ, ಹೊರಗಿನಿಂದ ಕಾಣದಂತೆ ಬಟ್ಟೆಯ ಪದರದೊಳಗೆ ಅಡಗಿಸಿದ ರಿವೆಟ್‌ಗಳಿದ್ದವು. ಕುರ್ಚಿಗಳನ್ನೂ ಕುದುರೆಯ ಜೀನುಗಳನ್ನೂ ಗೀರುತ್ತವೆಂಬ ದೂರುಗಳ ಕಾರಣ ಕಂಪನಿಯು 1937ರಲ್ಲಿ ಅವನ್ನು ಹೀಗೆ ಒಳಗೆ ಸೇರಿಸಿತು, 1960ರ ದಶಕದ ನಡುವಿನಲ್ಲಿ ಅವನ್ನೂ ಬಿಟ್ಟು ಆ ಜಾಗಕ್ಕೆ ದಟ್ಟ ಹೊಲಿಗೆಯನ್ನು ತಂದಿತು. ಸೊಂಟಪಟ್ಟಿಯ ಮೇಲಿದ್ದ ಪಟ್ಟಿ ನಿಜವಾದ ಚರ್ಮದ್ದಾಗಿತ್ತು, 1950ರ ದಶಕದ ಮಧ್ಯದಲ್ಲಿ ಬಂದ ಚರ್ಮದಂತೆ ಕಾಣುವ ರಟ್ಟಿನದ್ದಾಗಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ಓದಿದರೆ ಮಾರುವವರು ಹೇಳಿದ ಕಾಲವೇ ಬರುತ್ತದೆ. ಆದರೆ ಹಳೆಯ ಮಾದರಿಯನ್ನು ಮರಳಿ ಹೊಲಿಯುವವರಿಗೂ ಈ ಎರಡು ಸಂಗತಿಗಳು ಚೆನ್ನಾಗಿ ಗೊತ್ತಿರುತ್ತವೆ ಎಂಬುದನ್ನು ಮರೆಯಬಾರದು.

ಮೊದಲು ಮುಂಜೇಬಿನ ರಿವೆಟ್‌ಗಳನ್ನು ನೋಡಿದೆ. ಕಂಪನಿಯ ಹೆಸರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಸೂಚಿಸುವ ಎಲ್, ಎಸ್, ಕೋ, ಎಸ್, ಎಫ್ ಎಂಬ ಅಕ್ಷರಗಳು ಅಲ್ಲಿ ವೃತ್ತಾಕಾರವಾಗಿ ಅಚ್ಚಾಗಿರುತ್ತವೆ. ಮಾರುವವರ ಮೊದಲ ಚಿತ್ರದಲ್ಲಿ ಬೆಳಕು ಎದುರಿನಿಂದ ಬಿದ್ದಿದ್ದರಿಂದ ಅಕ್ಷರಗಳು ಚಪ್ಪಟೆಯಾಗಿ ಕಂಡವು, ಅಂಥ ಚಿತ್ರದಿಂದ ಏನನ್ನೂ ಹೇಳಲಾಗದು. ಕೋಣೆಯ ದೀಪ ಆರಿಸಿ, ಒಂದು ಟಾರ್ಚನ್ನು ಬಟ್ಟೆಗೆ ಬಹುತೇಕ ತಾಗುವಂತೆ ಪಕ್ಕದಿಂದ ಹಿಡಿದು, ಮೊಬೈಲಿನಲ್ಲಿ ಹಿಗ್ಗಿಸದೆ ಹತ್ತಿರದಿಂದಲೇ ತೆಗೆದು, ಚಿತ್ರದ ಮೂಲ ಕಡತವನ್ನು ಕುಗ್ಗಿಸದೆ ಕಳುಹಿಸಬೇಕೆಂದು ಕೇಳಿಕೊಂಡೆ. ಹಾಗೆ ಬಂದ ಚಿತ್ರದಲ್ಲಿ ಪ್ರತಿ ಅಕ್ಷರದ ಅಂಚಿನಲ್ಲೂ ತೆಳುವಾದ, ಕಡಿದಂತಹ ನೆರಳು ಕಂಡಿತು. ಅಸಲಿ ರಿವೆಟ್ಟಿನಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿಯಲ್ಲಿ ಈ ಅಂಚುಗಳು ಕರಗಿದಂತೆ ದುಂಡಗಾಗಿ, ಅಕ್ಷರದ ತಳ ಗುಳಿಗುಳಿಯಾಗಿ ಇರುತ್ತದೆ. ಬಹಳ ಸವೆದ ಅಸಲಿಯಲ್ಲೂ ಅಂಚು ದುಂಡಗಾಗುವುದುಂಟು, ಆದರೆ ಆಗ ಉಬ್ಬಿದ ಭಾಗ ಮಾತ್ರ ಸವೆಯುತ್ತದೆಯೇ ಹೊರತು ತಗ್ಗಿನ ತಳವಲ್ಲ. ರಿವೆಟ್ಟಿನ ಸುತ್ತ ಜೇಬಿನ ಬಟ್ಟೆ ಉಬ್ಬಿದ ಕಡೆ ಬೆಳ್ಳಗಾಗಿ, ಲೋಹದ ಅಂಚಿಗೆ ತಾಗಿದ ಸಣ್ಣ ಉಂಗುರದಲ್ಲಿ ಮಾತ್ರ ಗಾಢ ನೀಲಿ ಉಳಿದಿತ್ತು. ಹಾಗಾಗಿ ರಿವೆಟ್ ಅದೇ ಜಾಗದಲ್ಲಿ ಮೊದಲಿನಿಂದ ಇದೆ ಎಂಬಷ್ಟು ಖಚಿತವಾಯಿತು. ಅದು ಯಾವ ವರ್ಷದ್ದೆಂಬುದು ಇನ್ನೂ ತಿಳಿದಿರಲಿಲ್ಲ.

ಪಟ್ಟಿಯ ಮೇಲೆ ನನಗೆ ಮೊದಲ ಅನುಮಾನ ಹುಟ್ಟಿತು. ಹಲವು ಬಾರಿ ಬಿಸಿನೀರಿನಲ್ಲಿ ಒಗೆದ ಚರ್ಮವು ಕುಗ್ಗಿ, ಗಟ್ಟಿಯಾಗಿ, ಅಂಚುಗಳಲ್ಲಿ ಮುರುಟಿಕೊಂಡು ಹೊಲಿಗೆಯನ್ನು ಎಳೆಯುತ್ತದೆ, ಎಷ್ಟೋ ಸಲ ಸೂಜಿರಂಧ್ರಗಳ ಸಾಲಿನಲ್ಲೇ ಹರಿದುಹೋಗುತ್ತದೆ. ಇಲ್ಲಿ ತೊಡೆಯ ಭಾಗ ಬಹುತೇಕ ಬಿಳುಪಾಗಿದ್ದರೂ ಪಟ್ಟಿ ಮಾತ್ರ ಸಮತಟ್ಟಾಗಿ, ಮೆತ್ತಗೆ ಕಾಣುತ್ತಿತ್ತು. ಪಟ್ಟಿಯನ್ನು ಬದಲಿಸಿರಬಹುದೇ ಎಂದು ನೋಡಲು ಸೊಂಟಪಟ್ಟಿಯ ಒಳಬದಿಯ ಚಿತ್ರ ಕೇಳಿದೆ. ಚರ್ಮದಲ್ಲಿ ಒಮ್ಮೆ ಬಿದ್ದ ಸೂಜಿಯ ತೂತು ಮತ್ತೆ ಮುಚ್ಚುವುದಿಲ್ಲ, ಆದ್ದರಿಂದ ಬೇರೊಂದು ಪ್ಯಾಂಟಿನಿಂದ ಕಿತ್ತು ತಂದ ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಸಾಲು ತೂತುಗಳಿರುತ್ತವೆ. ಹಳೆಯ ಪಟ್ಟಿ ಬೇರೆ ಅಳತೆಯದ್ದಾಗಿದ್ದರೆ ಅದರಡಿಯಲ್ಲಿ ಬಣ್ಣ ಉಳಿದಿದ್ದ ಗಾಢ ಚೌಕವೂ ಹೊಸ ಪಟ್ಟಿಯ ಅಂಚಿನಾಚೆ ಇಣುಕುತ್ತದೆ. ಇಲ್ಲಿ ತೂತುಗಳ ಸಾಲು ಒಂದೇ ಇತ್ತು, ಒಳಬದಿಯ ದಾರವೂ ಅಕ್ಕಪಕ್ಕದ ಹೊಲಿಗೆಯಷ್ಟೇ ಮಾಸಿತ್ತು. ಅಂದರೆ ಪಟ್ಟಿ ಈ ಪ್ಯಾಂಟಿನದ್ದೇ, ಆದರೆ ಅದು ಹೇಳಿದಷ್ಟು ಹಳೆಯದಲ್ಲ, ಇಲ್ಲವೇ ಹೇಳಿದಷ್ಟು ಒಗೆತ ಕಂಡಿಲ್ಲ.

ಜಿಪ್ಪಿನ ವಿಷಯ ಇಲ್ಲಿ ಬೇಗ ಮುಗಿಯಿತು, ಏಕೆಂದರೆ 501 ಗುಂಡಿಗಳಿಂದ ಮುಚ್ಚುವ ಪ್ಯಾಂಟು. 1954ರಲ್ಲಿ ಬಂದ 501ಝಡ್ ಎಂಬ ಜಿಪ್ ಇರುವ ಮಾದರಿಯನ್ನು ಬಿಟ್ಟರೆ, 501 ಎಂದು ಹೇಳಿದ ಹಳೆಯ ಪ್ಯಾಂಟಿನಲ್ಲಿ ಜಿಪ್ ಕಂಡರೆ ಅಲ್ಲಿಯೇ ಪ್ರಶ್ನೆ ಏಳಬೇಕು. 505ರಂತಹ ಮಾದರಿಗಳಲ್ಲಿ ಹಿಡಿಕೆಯ ಮೇಲೆ ಟ್ಯಾಲನ್ ಎಂಬ ತಯಾರಕರ ಹೆಸರೂ 42 ಎಂಬ ಅಂಕೆಯೂ ಇರುವುದು ಒಳ್ಳೆಯ ಲಕ್ಷಣವೇ ಹೌದು. ಆದರೂ ಲೋಹದ ಭಾಗಗಳಲ್ಲಿ ಅತಿ ಹೆಚ್ಚು ಕೆಡುವುದೂ ಬದಲಾಗುವುದೂ ಜಿಪ್ಪೇ ಆದ್ದರಿಂದ ನಾನು ಅದಕ್ಕೆ ಕಡಿಮೆ ತೂಕ ಕೊಡುತ್ತೇನೆ: ಬೇರೆ ತಯಾರಕರ ಜಿಪ್ ಇದ್ದ ಮಾತ್ರಕ್ಕೆ ಪ್ಯಾಂಟು ನಕಲಿಯಾಗದು, ಸರಿಯಾದ ಜಿಪ್ ಇದ್ದ ಮಾತ್ರಕ್ಕೆ ಅಸಲಿಯೂ ಆಗದು. ಜಿಪ್ಪಿನ ಬಟ್ಟೆಪಟ್ಟಿಯನ್ನು ಹಿಡಿದ ಹೊಲಿಗೆ ಮೂಲದ್ದೋ ರಿಪೇರಿಯದ್ದೋ ಎಂಬುದನ್ನೇ ಮೊದಲು ನೋಡಬೇಕು.

ಕೊನೆಗೆ ಸೊಂಟದ ಗುಂಡಿಯ ಹಿಂಬದಿ. ಮಾರುವವರು ಈ ಚಿತ್ರವನ್ನು ಹಾಕಿಯೇ ಇರಲಿಲ್ಲ. ಬೇಕೆಂದೇ ಬಿಟ್ಟದ್ದೋ ಅಥವಾ ಅದಕ್ಕೆ ಬೆಲೆ ಇದೆಯೆಂದು ತಿಳಿಯದೆಯೋ, ನಾನು ಊಹಿಸಲು ಹೋಗಲಿಲ್ಲ. ಗುಂಡಿಯನ್ನು ಬಟ್ಟೆಗೆ ಹಿಡಿದಿರುವ ಮೊಳೆಯ ತಲೆಯ ಮೇಲೆ ಕಾರ್ಖಾನೆಯ ಗುರುತು ಇರುತ್ತದೆ. 1950ರ ದಶಕದ ಗುಂಡಿಗಳಲ್ಲಿ ಅದು ಸಾಮಾನ್ಯವಾಗಿ ಒಂದೆರಡು ಅಂಕೆ ಅಥವಾ ಒಂದು ಅಕ್ಷರವಷ್ಟೇ. ಬಂದ ಚಿತ್ರದಲ್ಲಿ 555 ಎಂದು ಸ್ಪಷ್ಟವಾಗಿತ್ತು. ಅದು ಸ್ಯಾನ್ ಫ್ರಾನ್ಸಿಸ್ಕೊದ ವೆಲೆನ್ಸಿಯಾ ರಸ್ತೆಯ ಕಾರ್ಖಾನೆಯ ಸಂಖ್ಯೆ. 2002ರಲ್ಲಿ ಮುಚ್ಚುವವರೆಗೆ ಅಲ್ಲಿ, 1990ರ ದಶಕದ ಉತ್ತರಾರ್ಧದಿಂದ, ಕಂಪನಿಯೇ ತನ್ನ ಹಳೆಯ ಮಾದರಿಗಳನ್ನು ಅಡಗಿದ ರಿವೆಟ್, ಚರ್ಮದ ಪಟ್ಟಿ ಸಮೇತ ಮರಳಿ ಹೊಲಿಸುತ್ತಿತ್ತು. ಗುಂಡಿಯೊಂದನ್ನೇ ಬದಲಿಸಿರುವ ಸಾಧ್ಯತೆಯನ್ನೂ ಪರಿಶೀಲಿಸಿದೆ. ಬಡಿದು ಕೂರಿಸಿದ ಗುಂಡಿಯನ್ನು ಕಿತ್ತರೆ ತೂತು ಹಿಗ್ಗಿ ನೂಲು ಹರಿಯುತ್ತದೆ, ಹೊಸ ಮೊಳೆಯ ಸುತ್ತ ಹಳೆಯ ತಲೆಯ ಒತ್ತುಗುರುತು ಸರಿಯಾಗಿ ಹೊಂದುವುದಿಲ್ಲ; ಇಲ್ಲಿ ಒತ್ತುಗುರುತೂ ತುಕ್ಕಿನ ಕಂದು ಉಂಗುರವೂ ಮೊಳೆಯ ತಲೆಗೆ ಸರಿಯಾಗಿ ಹೊಂದಿದ್ದವು.

ಒಂದೇ ಸಂಖ್ಯೆಯ ಮೇಲೆ ತೀರ್ಪು ನಿಲ್ಲಿಸುವುದು ನನಗೆ ಒಗ್ಗದು. ಆದ್ದರಿಂದ ಒಳಗಿನ ಪಕ್ಕಹೊಲಿಗೆಯನ್ನು ಮೇಲಿಂದ ಕೆಳಗಿನವರೆಗೆ ಚಿತ್ರೀಕರಿಸಲು ಕೇಳಿದೆ. ಹೊಲಿಗೆಯ ಪದರದ ನಡುವೆ ಬಿಳಿಯ ಬಟ್ಟೆಯ ಸಣ್ಣ ತುಣುಕೊಂದು, ಕತ್ತರಿಸಿದ ನೇರ ಅಂಚಿನೊಂದಿಗೆ, ಉಳಿದಿತ್ತು. ಒಗೆಯುವ ಸೂಚನೆಯ ಚೀಟಿಯನ್ನು ಕತ್ತರಿಸಿ ತೆಗೆದಾಗ ಉಳಿಯುವ ಬುಡದಂತೆಯೇ ಅದು ಇತ್ತು. ಅಮೆರಿಕದಲ್ಲಿ ಬಟ್ಟೆಗೆ ಇಂಥ ಶಾಶ್ವತ ಚೀಟಿ ಕಡ್ಡಾಯವಾದದ್ದು 1972ರಲ್ಲಿ. ಗುಂಡಿ, ಪಟ್ಟಿ, ಚೀಟಿಯ ಬುಡ ಮೂರೂ ಒಂದೇ ಕಡೆಗೆ ಕೈತೋರಿಸಿದ ಮೇಲೆ ಕೊಳ್ಳುವವರಿಗೆ ನಾನು ಬರೆದದ್ದು ಇಷ್ಟು: ಪ್ಯಾಂಟು ಲೀವೈಸ್ ಕಂಪನಿಯದ್ದೇ, ನಕಲಿಯಲ್ಲ, ಆದರೆ 1950ರ ದಶಕದ್ದೂ ಅಲ್ಲ, ವೆಲೆನ್ಸಿಯಾ ರಸ್ತೆಯಲ್ಲಿ ಹೊಲಿದ ಪುನರ್ನಿರ್ಮಿತ ಮಾದರಿ ಎಂದು ಪರಿಗಣಿಸಿ ಬೆಲೆ ಕೇಳಿ, ಮತ್ತು ತೊಡೆಯ ಬಿಳುಪು ಧರಿಸಿ ಬಂದದ್ದೋ ಯಾರಾದರೂ ಉಜ್ಜಿ ತಂದದ್ದೋ ಎಂಬುದನ್ನು ಬಟ್ಟೆ ಕೈಗೆ ಬಂದ ಮೇಲೆ ಹೇಳುತ್ತೇನೆ.