ಹಪ್ಪಳ-ಮಸಾಲೆಯ ಆನ್‌ಲೈನ್ ಅಂಗಡಿ ಮಾರಿದ್ದು: ಮೂರು ಲೆಕ್ಕ ಒಂದಾದ ಮೇಲೆ

"ವೆಬ್‌ಸೈಟಿಗೆ ಯಾರು ದುಡ್ಡು ಕೊಡ್ತಾರೆ ಮಾರಾಯ್ರೆ, ಸ್ಟಾಕ್ ಮಾರಿ ಮುಚ್ಚಿ" ಅಂದವರೇ ಹೆಚ್ಚು. ಆದರೂ ನನ್ನ ಅಂಗಡಿ ಒಟ್ಟು ಒಂಬತ್ತು ಲಕ್ಷದ ಹತ್ತಿರಕ್ಕೆ ಹೋಯಿತು. ಉಡುಪಿಯಿಂದ ಹಲಸಿನ ಹಪ್ಪಳ, ಕುಂದಾಪುರದ ಮಸಾಲೆ ಪುಡಿ, ಬಾಳೆಕಾಯಿ ಚಿಪ್ಸ್ ಕಳುಹಿಸುವ ಅಂಗಡಿ, ದಿನಕ್ಕೆ ಒಂಬತ್ತು-ಹತ್ತು ಆರ್ಡರ್.

ಮೊದಲ ಸಲ ಮಾರಲು ಹೊರಟಾಗ ವಹಿವಾಟು ತೋರಿಸಿ ಹದಿನೈದು ಲಕ್ಷ ಕೇಳಿದ್ದೆ. ವರ್ಷಕ್ಕೆ 31 ಲಕ್ಷ ಅಂತ ಡ್ಯಾಶ್‌ಬೋರ್ಡ್ ಹೇಳುತ್ತಿತ್ತು. ನೋಡಲು ಬಂದವರು ಜಿಎಸ್‌ಟಿ ರಿಟರ್ನ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರು. ರಿಟರ್ನಿನಲ್ಲಿ 25, ಬ್ಯಾಂಕಿನಲ್ಲಿ 22. "ಆರು ಲಕ್ಷ ಎಲ್ಲಿ ಹೋಯ್ತು?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ, ಅವರು ಮತ್ತೆ ಫೋನ್ ಎತ್ತಲಿಲ್ಲ.

ಕಳ್ಳತನ ಏನೂ ಇರಲಿಲ್ಲ. ರದ್ದಾದ ಆರ್ಡರ್, ಕ್ಯಾಶ್ ಆನ್ ಡೆಲಿವರಿಯಲ್ಲಿ ವಾಪಸ್ ಬಂದ ಪಾರ್ಸೆಲ್, ಎಲ್ಲವನ್ನೂ ಡ್ಯಾಶ್‌ಬೋರ್ಡ್ ಮಾರಾಟವೆಂದೇ ಎಣಿಸಿತ್ತು. ಉಳಿದ ವ್ಯತ್ಯಾಸಕ್ಕೆ ಕಾರಣ ಕೊರಿಯರ್. ಅವರು ಬಾಗಿಲಲ್ಲಿ ವಸೂಲಾದ ಹಣದಿಂದ ತಮ್ಮ ಬಾಡಿಗೆ ಹಿಡಿದುಕೊಂಡು ಮಿಕ್ಕಿದ್ದನ್ನು ಹಾಕುತ್ತಾರೆ, ಹಾಗಾಗಿ ಬ್ಯಾಂಕಿನಲ್ಲಿ ಯಾವ ಆರ್ಡರಿನ ಮೊತ್ತವೂ ಪೂರ್ತಿ ಕಾಣುವುದಿಲ್ಲ. ಪೇಮೆಂಟ್ ಗೇಟ್‌ವೇಯದ್ದೂ ಅದೇ ಕಥೆ, ಕಮಿಷನ್ ಕಳೆದೇ ಬರುತ್ತದೆ. ಮಾಡಿದ್ದು ಇಷ್ಟೇ: ಹನ್ನೆರಡು ತಿಂಗಳ ಗೇಟ್‌ವೇ ಸೆಟಲ್‌ಮೆಂಟ್ ವರದಿ, ಕೊರಿಯರಿನ ರೆಮಿಟೆನ್ಸ್ ವರದಿ ಇಳಿಸಿ, ಪ್ರತಿ ಜಮೆಗೆ ಬ್ಯಾಂಕ್ ಕೊಡುವ ಯುಟಿಆರ್ ಸಂಖ್ಯೆಯ ಕೆಳಗೆ ಅದರೊಳಗಿನ ಆರ್ಡರ್ ನಂಬರುಗಳನ್ನು ಕೂರಿಸಿದೆ. ಹದಿನೈದು ರಾತ್ರಿ ಹಿಡಿಯಿತು. ಕೊನೆಗೆ ಲೆಕ್ಕ ಸಿಗದೆ ಉಳಿದದ್ದು ನಾಲ್ಕೈದು ಸಾವಿರ.

ಹನ್ನೆರಡು ತಿಂಗಳೇ ಬೇಕು. ಏಪ್ರಿಲ್-ಮೇ ತೋರಿಸಿ ಬೆಲೆ ಕೇಳಿದರೆ, ಮಳೆಗಾಲದ ಹಪ್ಪಳದ ಗತಿ ಗೊತ್ತಿರುವವರು ನಗುತ್ತಾರೆ.

ಇನ್ನು ಬೆಲೆ. ಲೆಕ್ಕದ ಪುಸ್ತಕದಲ್ಲಿ ಲಾಭ ಸುಮಾರು 2.6 ಲಕ್ಷ. ಕೊಳ್ಳುವವರಿಗೆ ಬಾರದ ಖರ್ಚು ಅಂತ ಅದಕ್ಕೆ ನಾನು ತೆಗೆದುಕೊಂಡ ಸಂಬಳ 2.4 ಲಕ್ಷ, ಒಮ್ಮೆ ಮಾತ್ರ ಮಾಡಿಸಿದ ಫೋಟೋ ಖರ್ಚು 40 ಸಾವಿರ ಸೇರಿಸಿದೆ, 5.4 ಆಯಿತು. ಹೊಸ ಖರೀದಿದಾರರು, ಮಣಿಪಾಲದವರು, ಅಲ್ಲೇ ಹಿಡಿದರು: "ಪ್ಯಾಕಿಂಗ್ ಯಾರು ಮಾಡ್ತಾರೆ?" ಮನೆಯವರು ಅಂದೆ. ಆ ಕೂಲಿಗೆಂದು ತಿಂಗಳಿಗೆ 12 ಸಾವಿರದ ಹಾಗೆ ಕಡಿದರು. ಉಳಿದದ್ದು ನಾಲ್ಕು ಲಕ್ಷಕ್ಕೆ ಸ್ವಲ್ಪ ಕಮ್ಮಿ. ಎರಡೂವರೆ ಪಟ್ಟು ಕೇಳಿದೆ, ಎರಡು ಪಟ್ಟಿಗೆ, ಎಂಟು ಲಕ್ಷಕ್ಕೆ ನಿಂತಿತು. ಸ್ಟಾಕ್ ಬೇರೆ, ಕೊಂಡ ಬೆಲೆಗೆ: 1.7 ಲಕ್ಷದ ಮಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವಧಿ ಉಳಿದ 1.1 ಲಕ್ಷದ್ದನ್ನಷ್ಟೇ ಎತ್ತಿದರು.

ಅವರ ಗಟ್ಟಿ ಪರೀಕ್ಷೆ ಜಾಹೀರಾತಿನದ್ದು. ಹತ್ತು ದಿನ ಪೂರ್ತಿ ನಿಲ್ಲಿಸಿ ಅಂದರು. ಆರ್ಡರ್ ದಿನಕ್ಕೆ ನಾಲ್ಕಕ್ಕೆ ಇಳಿಯಿತು. ಅವರು ಕೊಂಡದ್ದು ಆ ನಾಲ್ಕನ್ನು, ಉಳಿದ ಐದು ಜಾಹೀರಾತಿಗೆ ಕಾಸು ಹಾಕುವ ಯಾರಿಗೂ ಸಿಗುತ್ತದೆ. ಇಲ್ಲಿ ನನ್ನನ್ನು ಉಳಿಸಿದ್ದು ಮತ್ತೆ ಬರುವ ಗಿರಾಕಿಗಳ ಲೆಕ್ಕ. ಡ್ಯಾಶ್‌ಬೋರ್ಡ್ 24 ಶೇಕಡ ಅನ್ನುತ್ತಿತ್ತು. ಆದರೆ ಒಬ್ಬರೇ ಒಮ್ಮೆ +91 ಹಾಕಿ, ಒಮ್ಮೆ ಮುಂದೆ ಸೊನ್ನೆ ಹಾಕಿ ನಂಬರ್ ಬರೆದರೆ ಅದಕ್ಕೆ ಇಬ್ಬರು. ಕೊನೆಯ ಹತ್ತು ಅಂಕಿ ಮಾತ್ರ ಇಟ್ಟುಕೊಂಡು ಎಣಿಸಿದರೆ 35ರ ಹತ್ತಿರ ಬಂತು. ಈ ಹಾಳೆಯನ್ನು ಮಾತುಕತೆಯ ಯಾವ ಹಂತದಲ್ಲಿ ತೆಗೆದೆ ಅನ್ನುವುದು ನನ್ನಲ್ಲೇ ಇರಲಿ.

ನಡುವೆ ಒಂದು ಪ್ರಯೋಗ. ಕ್ಯಾಶ್ ಆನ್ ಡೆಲಿವರಿಗೆ 50 ರೂಪಾಯಿ ಮುಂಗಡ ಇಟ್ಟೆ. ಆರ್ಡರ್ ಕಮ್ಮಿಯಾಯಿತು, ವಾಪಸಾತಿ ನೂರಕ್ಕೆ 22ರಿಂದ 13ಕ್ಕೆ ಇಳಿದು ಕೈಯಲ್ಲಿ ಉಳಿಯುವುದು ಹೆಚ್ಚಾಯಿತು. ಕೋರಿ ರೊಟ್ಟಿಯನ್ನೂ ತೆಗೆದುಹಾಕಿದೆ. ಎಷ್ಟು ಬಬಲ್ ಸುತ್ತಿದರೂ ಬೆಂಗಳೂರು ಮುಟ್ಟುವಾಗ ಅದು ಪುಡಿ.

ಹಪ್ಪಳ ಮಾಡುವವರ ಹೆಸರು ಟೋಕನ್ ಬರುವ ತನಕ ಕೊಡಲಿಲ್ಲ. ಕೊಡುವ ಮೊದಲು ಅವರಿಂದ ಆರು ತಿಂಗಳ ದರ ಬರೆಸಿಕೊಂಡೆ, ಖರೀದಿದಾರರು ಅದನ್ನೇ ಎರಡು ಸಲ ಓದಿದರು.

ಹಸ್ತಾಂತರದಲ್ಲಿ ಎಡವಿದೆ. ಡೊಮೇನ್, ಅಂಗಡಿಯ ಖಾತೆ, ಇನ್‌ಸ್ಟಾಗ್ರಾಂ, ವಾಟ್ಸಾಪ್ ನಂಬರಿನ ಸಿಮ್ ಇವು ಕೈ ಬದಲಾಗುತ್ತವೆ. ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ ಆಹಾರ ಲೈಸೆನ್ಸ್, ಗೇಟ್‌ವೇ ನನ್ನ ಹೆಸರಿನವು, ಅವರು ಹೊಸದಾಗಿ ಮಾಡಿಸಬೇಕು. ಅವರ ಗೇಟ್‌ವೇ ಮಂಜೂರಾಗುವ ಮೊದಲೇ ನನ್ನದನ್ನು ತೆಗೆದುಬಿಟ್ಟೆ, ಆರು ದಿನ ಬರೀ ಕ್ಯಾಶ್ ಆನ್ ಡೆಲಿವರಿ. ನನ್ನ 14 ಅಂಕಿಯ ಲೈಸೆನ್ಸ್ ನಂಬರ್ ಅಚ್ಚಾದ ನಾಲ್ಕು ಸಾವಿರ ಪೌಚ್‌ಗಳನ್ನು ಅವರು ಮುಟ್ಟಲಿಲ್ಲ. ಈಗಲೂ ಅಟ್ಟದಲ್ಲಿವೆ.

ಹಣದಲ್ಲಿ ಎಪ್ಪತ್ತು ಶೇಕಡ ಪಾಸ್‌ವರ್ಡ್ ಬದಲಾದ ದಿನ ಬಂತು. ಉಳಿದದ್ದು ತೊಂಬತ್ತು ದಿನದ ಮೇಲೆ, ಆರ್ಡರ್ ಅರ್ಧಕ್ಕೆ ಇಳಿಯದಿದ್ದರೆ ಮಾತ್ರ ಎಂಬ ಷರತ್ತಿನಲ್ಲಿ. ಇಳಿಯಲಿಲ್ಲ, ಬಂತು.