ಎಡಗಡೆ ಬಡ್ ಚಾರ್ಜ್ ಆಗ್ತಿರಲಿಲ್ಲ, ತೊಂದರೆ ಇದ್ದದ್ದು ಕೇಸಿನ ಪಿನ್‌ನಲ್ಲಿ

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಧೂಳು, ಮೇಲೆ ಏಪ್ರಿಲ್ ಬಿಸಿಲಿನ ಬೆವರು. ಇಯರ್‌ಬಡ್ ದಿನವಿಡೀ ಕಿವಿಯಲ್ಲೇ ಇರುತ್ತದೆ. ಒಂದು ದಿನ ಎಡಗಡೆಯದು ಸತ್ತೇ ಹೋಯಿತು, ರಾತ್ರಿಯಿಡೀ ಕೇಸಿನಲ್ಲಿಟ್ಟರೂ ಬೆಳಿಗ್ಗೆ ಸೊನ್ನೆ.

ಮೊದಲು ಮೂರು ಸಲ ರೀಸೆಟ್ ಮಾಡಿದೆ. ಏನೂ ಆಗಲಿಲ್ಲ. ಚಾರ್ಜೇ ಇಲ್ಲದ ಬಡ್‌ಗೆ ರೀಸೆಟ್ ಮುಟ್ಟುವುದೇ ಇಲ್ಲ ಅಂತ ಆಮೇಲೆ ಹೊಳೆಯಿತು. ಅದಕ್ಕೂ ಹಿಂದಿನ ವಾರ ಇನ್ನೊಂದು ಸುಳಿವು ಸಿಕ್ಕಿತ್ತು, ನಾನೇ ಗಮನಿಸಿರಲಿಲ್ಲ: ಕೇಸಿಗೆ ಹಾಕಿ ಮುಚ್ಚಿದರೂ ಎಡಗಡೆ ಬಡ್ ಫೋನಿಗೆ ಕನೆಕ್ಟ್ ಆಗೇ ಇರುತ್ತಿತ್ತು. ನನ್ನ ಬಡ್ ಆಫ್ ಆಗುವುದು ಕೇಸಿನ ಪಿನ್ ತಾಗಿ ಕರೆಂಟ್ ಬಂದಾಗ. ಆಫ್ ಆಗ್ತಿಲ್ಲ ಅಂದ್ರೆ ಪಿನ್ ತಾಗುತ್ತಿಲ್ಲ, ಅಲ್ವಾ?

ಖಾತ್ರಿ ಮಾಡಿಕೊಳ್ಳಲು ಬಡ್ ಅನ್ನು ಕೇಸಿನಲ್ಲಿಟ್ಟು ಬೆರಳಿನಿಂದ ಒತ್ತಿ ಹಿಡಿದೆ. ಲೈಟ್ ಹತ್ತಿತು. ಬಿಟ್ಟರೆ ಆರಿತು. ರಬ್ಬರ್ ಟಿಪ್ ದೊಡ್ಡದಾಗಿದ್ದರೂ ಬಡ್ ಪೂರ್ತಿ ಕೂರುವುದಿಲ್ಲ, ಅದಕ್ಕೆ ಟಿಪ್ ತೆಗೆದೂ ನೋಡಿದೆ, ಅದೇ ಕಥೆ. ಫೋನಿನ ಟಾರ್ಚ್ ಹಾಕಿ ನೋಡಿದರೆ ಎಡಗಡೆ ಗುಳಿಯಲ್ಲಿದ್ದ ಎರಡು ಚಿನ್ನದ ಬಣ್ಣದ ಪಿನ್‌ಗಳಲ್ಲಿ ಒಂದು ಕೆಳಗೇ ಕೂತುಬಿಟ್ಟಿತ್ತು. ಈ ಪಿನ್‌ಗಳ ಒಳಗೆ ಸಣ್ಣ ಸ್ಪ್ರಿಂಗ್ ಇರುತ್ತದೆ, ಬಡ್ ತೆಗೆದಾಗ ಮೇಲೆ ಬರಬೇಕು. ಧೂಳು ಬೆವರು ಸೇರಿ ಅದನ್ನು ಅಂಟಿಸಿಬಿಟ್ಟಿತ್ತು.

ಸೂಪರ್ ಮಾರ್ಕೆಟ್ ಕಡೆಯ ಮೊಬೈಲ್ ರಿಪೇರಿ ಅಂಗಡಿಯಿಂದ ಸ್ವಲ್ಪ ಐಪಿಎ, ಅಂದ್ರೆ ಐಸೊಪ್ರೊಪೈಲ್ ಆಲ್ಕೋಹಾಲ್ ತಂದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಒಂದೇ ಹನಿ. ಕೇಸಿನೊಳಗೆ ಸುರಿಯಬಾರದು. ಸ್ಯಾನಿಟೈಸರ್ ಬೇಡ, ಅದರಲ್ಲಿನ ಗ್ಲಿಸರಿನ್ ಜಿಗುಟಾಗಿ ಉಳಿಯುತ್ತದೆ. ಪಿನ್ ಸುತ್ತ ಒರೆಸಿ, ಮರದ ಹಲ್ಲುಕಡ್ಡಿಯ ಮೊಂಡು ತುದಿಯಿಂದ ಹತ್ತು ಹನ್ನೆರಡು ಸಲ ಮೆಲ್ಲಗೆ ಒತ್ತಿ ಬಿಟ್ಟೆ. ಎಂಟನೇ ಸಲಕ್ಕೆ ಟಕ್ ಅಂತ ಮೇಲೆ ಬಂತು! ಸೂಜಿ ಬಳಸಬೇಡಿ, ಎರಡೂ ಪಿನ್‌ಗೆ ಒಟ್ಟಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಬಡ್ ಮೇಲೆ ಪಿನ್ ತಾಗುವ ಲೋಹದ ಚುಕ್ಕೆಗಳನ್ನೂ ಹಾಗೇ ಒರೆಸಿದೆ. ಅಕ್ಕನ ಮಗ, "ಮಾಮಾ, ಸ್ಯಾಂಡ್‌ಪೇಪರ್ ಹಚ್ಚು" ಅಂದ. ಬೇಡ ಅಂದೆ. ಚಿನ್ನದ ಲೇಪ ಹೋದರೆ ಬೆವರಿಗೆ ಬೇಗ ಹಸಿರು ಕಟ್ಟುತ್ತದೆ.

ಹದಿನೈದು ನಿಮಿಷ ಒಣಗಿಸಿ ಒಂದು ಗಂಟೆ ಚಾರ್ಜ್ ಮಾಡಿದೆ. ಎಡಗಡೆಯದು ಆನ್ ಆಯಿತು, ಆದರೆ ಹಾಡು ಬಲಗಡೆ ಮಾತ್ರ. ಎರಡರ ಜೋಡಿ ತಪ್ಪಿತ್ತು. ರೀಸೆಟ್‌ನ ಸರದಿ ಬಂದದ್ದು ಈಗ. ಫೋನಿನ ಬ್ಲೂಟೂತ್ ಪಟ್ಟಿಯಿಂದ ಹಳೆ ಹೆಸರು ತೆಗೆದೆ, ಎರಡೂ ಬಡ್ ಕೇಸಿನಲ್ಲಿಟ್ಟು, ಮುಚ್ಚಳ ತೆರೆದೇ ಕೇಸಿನ ಬಟನ್ ಹತ್ತು ಸೆಕೆಂಡ್ ಒತ್ತಿದೆ. ನಿಮ್ಮದರಲ್ಲಿ ಬಟನ್ ಇಲ್ಲದಿದ್ದರೆ ಡಬ್ಬಿಯ ಚೀಟಿ ನೋಡಿ, ಕೆಲವದರಲ್ಲಿ ಬಡ್ ಮೇಲೇ ಒತ್ತಬೇಕು. ಮತ್ತೆ ಪೇರ್ ಮಾಡಿದ ಮೇಲೆ ಎರಡೂ ಕಿವಿಗೆ ಹಾಡು ಬಂತು.

ಪಿನ್ ಚೆನ್ನಾಗಿ ಜಿಗಿಯುತ್ತಿದೆ, ಲೈಟ್ ಹತ್ತುತ್ತಿದೆ, ಆದರೂ ಹತ್ತು ನಿಮಿಷಕ್ಕೆ ಸತ್ತು ಹೋಗ್ತಿದೆ ಅಂದ್ರೆ ಬ್ಯಾಟರಿಯೇ ಹೋಗಿದೆ, ಎಷ್ಟು ಒರೆಸಿದರೂ ಬರುವುದಿಲ್ಲ. ನಾನೀಗ ಮಿಲ್‌ನಿಂದ ಬಂದ ಕೂಡಲೇ ಒಣ ಬಟ್ಟೆಯಲ್ಲಿ ಬಡ್ ಒರೆಸಿಯೇ ಕೇಸಿಗೆ ಹಾಕುತ್ತೇನೆ.